ವೈದ್ಯಕೀಯ ವಿದ್ಯಾರ್ಥಿವೇತನದ ಪತ್ರ: ಕಷ್ಟವನ್ನು ಲೆಕ್ಕದಲ್ಲಿ ತೋರಿಸಿ

"ಸರ್ಕಾರಿ ಕಾಲೇಜಲ್ಲಿ ಎಂಬಿಬಿಎಸ್ ಸೀಟು ಸಿಕ್ಕಿದೆ. ಟ್ರಸ್ಟ್‌ಗೆ ಬರೆಯೋ ಪತ್ರದಲ್ಲಿ ಮನೆ ಕಷ್ಟ, ಹಳ್ಳಿ ಸೇವೆ ಬಗ್ಗೆ ಹೇಗೆ ಬರೀಲಿ?"

'ನಾವು ತುಂಬಾ ಬಡವರು' ಅಂತ ಬರೆದರೆ ಓದುವವರ ಕೈಗೆ ಏನೂ ಸಿಗೋದಿಲ್ಲ. ಲೆಕ್ಕ ಕೊಡಿ. ಉದಾಹರಣೆಗೆ: "ಎರಡು ಎಕರೆ ಮಳೆಯಾಶ್ರಿತ ಜಮೀನು, ಪ್ರಮಾಣಪತ್ರದಂತೆ ವಾರ್ಷಿಕ ಆದಾಯ 90,000 ರೂ. ಶುಲ್ಕ, ಹಾಸ್ಟೆಲ್, ಪುಸ್ತಕ ಸೇರಿ ವರ್ಷಕ್ಕೆ 1,30,000 ರೂ. ಬೇಕು. ಮನೆಯಿಂದ 30,000 ರೂ. ಹೊಂದಿಸಬಹುದು, 1,00,000 ರೂ. ಕೊರತೆ." ಪತ್ರದ ಆದಾಯವೂ ತಹಶೀಲ್ದಾರ್ ಪ್ರಮಾಣಪತ್ರದ ಆದಾಯವೂ ಒಂದೇ ಇರಲಿ, ಇಲ್ಲಿ ವ್ಯತ್ಯಾಸ ಬಂದರೆ ಉಳಿದದ್ದನ್ನೂ ನಂಬೋದಿಲ್ಲ. ಬೇರೆ ವಿದ್ಯಾರ್ಥಿವೇತನ ಬರುತ್ತಿದ್ದರೆ ಅದನ್ನೂ ಕಳೆದು ತೋರಿಸಿ. ನೆರವನ್ನು ನಾಲ್ಕೂವರೆ ವರ್ಷದ ಓದಿಗೆ ಕೇಳಿ; ಕೊನೆಯ ಒಂದು ವರ್ಷದ ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಇರುತ್ತದೆ.

ಸೇವೆಯ ಮಾತಲ್ಲೇ ಹೆಚ್ಚಿನವರು ಎಡವೋದು. 'ಹೃದ್ರೋಗ ತಜ್ಞಳಾಗಿ ನಮ್ಮೂರಲ್ಲಿ ಸೇವೆ' ಅಂದರೆ ಹೊಂದೋದಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಹುದ್ದೆಯೇ ಇಲ್ಲ. ಅಲ್ಲಿನ ವೈದ್ಯಾಧಿಕಾರಿಗೆ ಎಂಬಿಬಿಎಸ್ ಸಾಕು. ಹಾಗಾಗಿ ಹೀಗೆ ಬರೆಯಿರಿ: "ಇಂಟರ್ನ್‌ಶಿಪ್ ಮುಗಿದ ಮೇಲೆ, ಪಿಜಿಗೆ ಹೋಗುವ ಮೊದಲು, ಎರಡು ವರ್ಷ ನಮ್ಮ ತಾಲ್ಲೂಕಿನ ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಲು ಸಿದ್ಧಳಿದ್ದೇನೆ, ಹುದ್ದೆ ಖಾಲಿ ಇಲ್ಲದಿದ್ದರೆ ಪಕ್ಕದ ತಾಲ್ಲೂಕಾದರೂ ಸರಿ." ನಿಜವಾಗಿ ಮಾಡಬಲ್ಲಷ್ಟು ವರ್ಷವನ್ನೇ ಬರೆಯಿರಿ, ಸಂದರ್ಶನದಲ್ಲಿ ಇದನ್ನೇ ಕೆದಕಿ ಕೇಳಬಹುದು.