ಹನ್ನೆರಡು ಲಕ್ಷದ ಆಫರ್, ಎಂಟು ಸಾವಿರದ ಏರಿಕೆ

ಅವರನ್ನು ಇಲ್ಲಿ ಸುಮಾ ಎಂದು ಕರೆಯೋಣ. ಗುರುತು ಸಿಗಬಾರದೆಂದು ಹೆಸರಿನ ಜೊತೆ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು 29. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಆರು ವರ್ಷದ ಅನುಭವ. ವಿಜಯನಗರದಲ್ಲಿ ಅಪ್ಪ ಅಮ್ಮನ ಜೊತೆ ಮನೆ, ರಾಜಾಜಿನಗರದಲ್ಲಿ ಆಫೀಸು.

ಒಂದು ಸೋಮವಾರ ಸಂಜೆ ಸಲಹೆ ಕೇಳಲು ನನ್ನ ಹತ್ತಿರ ಬಂದವರು ಕೂರುವ ಮೊದಲೇ ಮೊಬೈಲ್ ನನ್ನ ಕೈಗೆ ಕೊಟ್ಟರು. ಕುಂದಲಹಳ್ಳಿ ಕಡೆಯ ಒಂದು ಕಂಪನಿಯಿಂದ ಆಫರ್ ಬಂದಿತ್ತು. ಅದಕ್ಕೆ ಅವರು ಬರೆದ ಉತ್ತರ ಡ್ರಾಫ್ಟ್‌ನಲ್ಲಿತ್ತು. "ಮೇಡಂ, ಇದನ್ನ ಕಳಿಸಿಬಿಡ್ಲಾ?" ಎಂದರು. ಗುರುವಾರ ಸಂಜೆಯೊಳಗೆ ಒಪ್ಪಿಗೆ ತಿಳಿಸಬೇಕಿತ್ತು.

ಡ್ರಾಫ್ಟ್ ಉದ್ದವಾಗಿತ್ತು. ಮೊದಲ ಸಾಲಿನಲ್ಲೇ "ಈ ಆಫರ್ ನೋಡಿ ತುಂಬಾ ಬೇಸರವಾಯಿತು" ಎಂದಿತ್ತು. ಆಮೇಲೆ ಮನೆಯ ಸಾಲ, ಅಪ್ಪನ ಕಣ್ಣಿನ ಆಪರೇಷನ್, ಅದೇ ಅನುಭವಕ್ಕೆ ಹದಿನಾರು ಲಕ್ಷ ಪಡೆಯುವ ಗೆಳತಿಯ ಮಾತು. ಕೊನೆಗೆ "ದಯವಿಟ್ಟು ಮರುಪರಿಶೀಲಿಸಿ". ಎಷ್ಟು ಬೇಕು ಎಂದು ಎಲ್ಲೂ ಇರಲಿಲ್ಲ.

ಅವರ ಬೇಸರ ನನಗೆ ಅರ್ಥವಾಯಿತು. ಐದು ಸುತ್ತಿನ ಇಂಟರ್‌ವ್ಯೂ ಮುಗಿಸಿದ್ದರು. ಮೊದಲ ಫೋನ್‌ನಲ್ಲೇ ಹದಿನಾಲ್ಕು ಲಕ್ಷದ ನಿರೀಕ್ಷೆ ಇದೆ ಎಂದು ಹೇಳಿದ್ದರು. ಬಂದದ್ದು ಹನ್ನೆರಡು. ಆದರೆ ಬೇಸರಕ್ಕಿಂತ ಜಾಸ್ತಿ ಇದ್ದದ್ದು ಹೆದರಿಕೆ. "ಸಿಕ್ಕಿದ್ದನ್ನ ಕಳ್ಕೋಬೇಡ, ಸುಮ್ನೆ ಒಪ್ಕೋ ಅಂತಾರೆ ಅಪ್ಪ. ಕೇಳಿದ್ರೆ ಆಫರ್ ವಾಪಸ್ ತಗೊಂಡ್ರೆ ಏನ್ ಮಾಡ್ಲಿ?"

ಹಾಗೆ ಆಗುವುದೇ ಇಲ್ಲ ಎಂದು ನಾನು ಹೇಳಲಿಲ್ಲ. ಆಗುತ್ತದೆ, ಅಪರೂಪಕ್ಕೆ. ನಾನು ನೋಡಿದ ಮಟ್ಟಿಗೆ, ಒಪ್ಪಿಕೊಂಡ ಮೇಲೆ ಮತ್ತೆ ಕೇಳಿದಾಗ, ಪ್ರತಿ ಉತ್ತರಕ್ಕೂ ಹೊಸ ಬೇಡಿಕೆ ಇಟ್ಟಾಗ, ಇಲ್ಲದ ಇನ್ನೊಂದು ಆಫರ್ ಇದೆ ಎಂದು ಹೇಳಿ ಅದರ ಪ್ರತಿ ಕೇಳಿದಾಗ ಸಿಕ್ಕಿಬಿದ್ದಾಗ. ಒಪ್ಪುವ ಮೊದಲು ಒಂದು ಸಲ ಮರ್ಯಾದೆಯಿಂದ ಕೇಳಿದ್ದಕ್ಕೆ ಬರುವ ಕೆಟ್ಟ ಉತ್ತರವೆಂದರೆ ಸಾಮಾನ್ಯವಾಗಿ "ಇಷ್ಟೇ ಆಗೋದು" ಅಷ್ಟೇ. ಈಗಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದೀರಾ ಎಂದು ಕೇಳಿದೆ. ಕೊಟ್ಟಿರಲಿಲ್ಲ. ಹಾಗಾದರೆ ಕಾಲ ಕೆಳಗೆ ನೆಲ ಇದೆ ಎಂದೆ. ಅವತ್ತೇ ಅವರಿಂದ ಎರಡು ಸಾಲಿನ ಮೇಲ್ ಕಳಿಸಿಸಿದೆ: ಆಫರ್ ತಲುಪಿದೆ, ಧನ್ಯವಾದ, ಪೂರ್ತಿ ಓದಿ ಬುಧವಾರದೊಳಗೆ ಬರೆಯುತ್ತೇನೆ. ಇದರಿಂದ ಅವರಿಗೂ ಉಸಿರಾಡಲು ಎರಡು ದಿನ ಸಿಕ್ಕಿತು, ಆ ಕಡೆಯವರಿಗೂ ಉತ್ತರಕ್ಕಾಗಿ ಕಾಯುವ ಗೊಂದಲ ಇರಲಿಲ್ಲ.

ಮಂಗಳವಾರ ಪೇಪರ್ ಮೇಲೆ ಲೆಕ್ಕ ಹಾಕಿದೆವು. ಈಗಿನ ಸಿಟಿಸಿ, ಅಂದರೆ ಕಂಪನಿ ಅವರ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಸುಮಾರು 9,63,000. ಹೊಸದು 12,00,000. ಹಾಗೆ ನೋಡಿದರೆ ಕಾಲು ಭಾಗ ಏರಿಕೆ, ಕಡಿಮೆ ಏನಲ್ಲ. ಆದರೆ ಆಫರ್ ಲೆಟರಿನ ಕೊನೆಯ ಪುಟದಲ್ಲಿದ್ದ ಸಂಬಳದ ಪಟ್ಟಿಯನ್ನು ಸುಮಾ ಸರಿಯಾಗಿ ಓದಿರಲಿಲ್ಲ. ಬಹಳ ಜನ ಓದುವುದಿಲ್ಲ. ಆ ಹನ್ನೆರಡು ಲಕ್ಷದಲ್ಲಿ 1,20,000 ವೇರಿಯಬಲ್. ಕಂಪನಿ ಮತ್ತು ಅವರ ಕೆಲಸ ಎರಡೂ ಚೆನ್ನಾಗಿ ನಡೆದರೆ ವರ್ಷದ ಕೊನೆಗೆ ಸಿಗುವ ಹಣ, ಖಾತ್ರಿ ಇಲ್ಲ. ಕಂಪನಿ ಕಟ್ಟುವ ಪಿಎಫ್ 59,040. ಗ್ರಾಚ್ಯುಟಿ 23,665, ಅದು ತಿಂಗಳು ತಿಂಗಳು ಕೈಗೆ ಬರುವ ಹಣವಲ್ಲ. ಆರೋಗ್ಯ ವಿಮೆಯ ಕಂತು 13,295. ಇದೆಲ್ಲ ಕಳೆದರೆ ಉಳಿಯುವ ಫಿಕ್ಸೆಡ್ 9,84,000, ಅಂದರೆ ತಿಂಗಳಿಗೆ 82,000.

ಈಗ ಅವರಿಗೆ ತಿಂಗಳಿಗೆ 74,000 ಬರುತ್ತಿತ್ತು. ಎಲ್ಲವೂ ಫಿಕ್ಸೆಡ್, ವೇರಿಯಬಲ್ ಇಲ್ಲ. ಅಂದರೆ ನಿಜವಾದ ಏರಿಕೆ ಎಂಟು ಸಾವಿರ. ಇಪ್ಪತ್ತೈದು ಪರ್ಸೆಂಟ್ ಅಲ್ಲ, ಹನ್ನೊಂದರ ಹತ್ತಿರ.

ಸುಮಾ ತುಂಬಾ ಹೊತ್ತು ಆ ಕಾಗದ ನೋಡುತ್ತಾ ಕೂತರು. ಅವರ ಬೇಸರಕ್ಕೆ ಈಗ ಒಂದು ಸಂಖ್ಯೆ ಸಿಕ್ಕಿತ್ತು. ಫೋನ್‌ನಲ್ಲಿ ಹದಿನಾಲ್ಕು ಎಂದು ಮಾತ್ರ ಹೇಳಿ, ಅದರಲ್ಲಿ ಫಿಕ್ಸೆಡ್ ಎಷ್ಟು ಎಂದು ಹೇಳದೇ ಇದ್ದದ್ದು ತಮ್ಮದೇ ತಪ್ಪು ಎಂಬುದೂ ಗೊತ್ತಾಯಿತು.

"ಹಂಗಾದ್ರೆ ಹದಿನಾಲ್ಕೇ ಕೇಳ್ಲಾ ಮೇಡಂ?"

ಬೇಡ ಎಂದೆ. ಎಚ್‌ಆರ್‌ನಲ್ಲಿ ಈ ಮೇಲ್ ಓದುವವರು ಸಾಮಾನ್ಯವಾಗಿ ನಿರ್ಧಾರ ಮಾಡುವವರಲ್ಲ. ಪ್ರತಿ ದರ್ಜೆಗೂ ಇಂತಿಷ್ಟರಿಂದ ಇಂತಿಷ್ಟು ಎಂಬ ಮಿತಿ ಇರುತ್ತದೆ. ಅದರೊಳಗೆ ಸ್ವಲ್ಪ ಆಚೀಚೆ ಮಾಡಲೂ ಅವರು ಮ್ಯಾನೇಜರ್ ಹತ್ತಿರ, ಫೈನಾನ್ಸ್‌ನವರ ಹತ್ತಿರ ಹೋಗಿ ಒಪ್ಪಿಗೆ ತರಬೇಕು. ನಿಮ್ಮ ಮೇಲ್ ಅಲ್ಲಿಗೆ ಹಾಗೇ ಫಾರ್ವರ್ಡ್ ಆಗುತ್ತದೆ. ನಿಮ್ಮನ್ನು ನೋಡಿಯೇ ಇಲ್ಲದವರು ಒಂದು ನಿಮಿಷದಲ್ಲಿ ಓದಿ "ಸರಿ" ಎನ್ನುವ ಹಾಗಿರಬೇಕು. ಗೆಳತಿಯ ಸಂಬಳ, ಅಪ್ಪನ ಆಪರೇಷನ್ ಇಟ್ಟುಕೊಂಡು ಅವರು ಯಾರನ್ನೂ ಒಪ್ಪಿಸಲು ಆಗುವುದಿಲ್ಲ. ಆ ಕಷ್ಟಗಳು ನಿಜ, ಆದರೆ ಅವು ಕೆಲಸದ ಬೆಲೆ ಹೇಳುವುದಿಲ್ಲ. ಮೆಟ್ರೋ ಖರ್ಚು ತಿಂಗಳಿಗೆ ಎರಡು ಸಾವಿರ ಜಾಸ್ತಿ ಆಗುತ್ತದೆ ಎಂಬ ಸಾಲನ್ನೂ ಅದಕ್ಕೇ ತೆಗೆಸಿದೆ.

ಹಾಗಾದರೆ ಯಾವುದು ಹೇಳುತ್ತದೆ? ಇಂಟರ್‌ವ್ಯೂನಲ್ಲಿ ಏನೇನು ಮಾತಾಯಿತು ಎಂದು ಒಂದೊಂದಾಗಿ ಕೇಳಿದೆ. ಮೂರನೇ ಸುತ್ತಿನಲ್ಲಿ ಮ್ಯಾನೇಜರ್ ಎರಡು ವಿಷಯ ಹೇಳಿದ್ದರಂತೆ. ಆಟೊಮೇಷನ್ ಪರೀಕ್ಷೆಗಳನ್ನು ಶುರುವಿನಿಂದ ಇವರೇ ಕಟ್ಟಬೇಕು, ಇಬ್ಬರು ಜೂನಿಯರ್‌ಗಳಿಗೆ ಕಲಿಸಬೇಕು. ಆಫರ್ ಲೆಟರಿನಲ್ಲಿ ಮಾತ್ರ ಹುದ್ದೆ ಬರೀ ಟೆಸ್ಟ್ ಇಂಜಿನಿಯರ್. ನಮಗೆ ಸಿಕ್ಕ ಗಟ್ಟಿ ಕಾರಣ ಇದೇ. ಅವರೇ ಕೇಳಿದ ಕೆಲಸಕ್ಕೂ ಅವರೇ ಕೊಟ್ಟ ದರ್ಜೆಗೂ ನಡುವೆ ಅಂತರ ಇತ್ತು. ಇನ್ನೊಂದು ಚಿಕ್ಕದು: ಸುಮಾ ಅವರ ನೋಟಿಸ್ 60 ದಿನ, ಕಂಪನಿಗೆ 30 ದಿನದಲ್ಲಿ ಬರಬೇಕು. ಉಳಿದ 30 ದಿನಕ್ಕೆ ಈಗಿನ ಕಂಪನಿಗೆ ಕಟ್ಟಬೇಕಾದ ಹಣವನ್ನು ಬೇಗ ಬಾ ಎಂದವರೇ ಕೊಡುವುದು ನ್ಯಾಯ ಅಲ್ವಾ?

ಎಷ್ಟು ಕೇಳಬೇಕು ಎಂಬುದಕ್ಕೆ ಒಂದು ಗಂಟೆ ಹಿಡಿಯಿತು. ಕೊನೆಗೆ ತಿಂಗಳಿಗೆ 90,000 ಎಂದು ಇಟ್ಟೆವು. ಕಾರಣ ಇಷ್ಟೇ. ವೇರಿಯಬಲ್ ಪೂರ್ತಿ ತೆಗೆದು ತಿಂಗಳಿಗೆ 90,000 ಫಿಕ್ಸೆಡ್ ಕೊಟ್ಟರೆ ಪಿಎಫ್, ಗ್ರಾಚ್ಯುಟಿ, ವಿಮೆ ಎಲ್ಲಾ ಸೇರಿ ಸುಮಾರು 11,84,000 ಆಗುತ್ತದೆ. ಅಂದರೆ ಅವರ ಹನ್ನೆರಡು ಲಕ್ಷದ ಗೆರೆ ದಾಟದೆಯೇ ಹೌದು ಎನ್ನುವ ದಾರಿ ಅವರಿಗಿರುತ್ತದೆ. ಇದು ಎಲ್ಲ ಕಡೆ ನಡೆಯುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ವೇರಿಯಬಲ್ ಪಾಲು ದರ್ಜೆಯ ಮೇಲೆ ನಿಗದಿಯಾಗಿರುತ್ತದೆ, ಒಬ್ಬರಿಗಾಗಿ ಬದಲಿಸುವುದಿಲ್ಲ. ಇದು ಇನ್ನೂರು ಜನರ ಕಂಪನಿ, ಅದಕ್ಕೇ ಪ್ರಯತ್ನಿಸಬಹುದು ಎಂದುಕೊಂಡೆವು. ಎಷ್ಟರ ಕೆಳಗೆ ಬೇಡ ಎಂಬುದನ್ನೂ ಸುಮಾ ಬೇರೆ ಚೀಟಿಯಲ್ಲಿ ಬರೆದಿಟ್ಟರು: 86,000. ಅದು ಅವರ ಪರ್ಸಿನಲ್ಲಿ ಉಳಿಯಬೇಕು, ಮೇಲ್‌ನಲ್ಲಿ ಅಲ್ಲ.

ಮೇಲ್ ಹೋದದ್ದು ಇಂಗ್ಲಿಷಿನಲ್ಲಿ. ಅದರ ಕನ್ನಡ ರೂಪ ಇದು:

"ನಮಸ್ಕಾರ. ಆಫರ್ ಕಳಿಸಿದ್ದಕ್ಕೆ, ಇಡೀ ಇಂಟರ್‌ವ್ಯೂ ಸಮಯದಲ್ಲಿ ಪ್ರತಿ ಹಂತವನ್ನೂ ತಿಳಿಸುತ್ತಾ ಬಂದದ್ದಕ್ಕೆ ಧನ್ಯವಾದ. ಮ್ಯಾನೇಜರ್ ಜೊತೆ ಆಟೊಮೇಷನ್ ಬಗ್ಗೆ ಮಾತಾಡಿದ ಮೇಲೆ ಈ ತಂಡ ಸೇರುವ ಆಸೆ ಇನ್ನೂ ಜಾಸ್ತಿಯಾಗಿದೆ.

ಸಂಬಳದ ಪಟ್ಟಿ ನೋಡಿದೆ. ಈಗ ನನ್ನ ಫಿಕ್ಸೆಡ್ ತಿಂಗಳಿಗೆ 74,000, ಆಫರ್‌ನಲ್ಲಿ 82,000 ಇದೆ. ಆಟೊಮೇಷನ್ ಅನ್ನು ಮೊದಲಿನಿಂದ ಕಟ್ಟುವುದು, ಇಬ್ಬರು ಜೂನಿಯರ್‌ಗಳಿಗೆ ಮಾರ್ಗದರ್ಶನ ಕೊಡುವುದು ಈ ಕೆಲಸದಲ್ಲಿ ಸೇರಿದೆ. ಈಗಿನ ಕೆಲಸದಲ್ಲಿ ಎರಡು ವರ್ಷದಿಂದ ನಾನು ಇದನ್ನೇ ಮಾಡುತ್ತಿದ್ದೇನೆ. ಹಾಗಾಗಿ ಫಿಕ್ಸೆಡ್ ಅನ್ನು ತಿಂಗಳಿಗೆ 90,000 ಮಾಡಲು ಸಾಧ್ಯವೇ ಎಂದು ಕೇಳುತ್ತಿದ್ದೇನೆ. ವೇರಿಯಬಲ್ ಭಾಗವನ್ನು ಫಿಕ್ಸೆಡ್‌ಗೆ ಸೇರಿಸಿ ಇದನ್ನು ಹೊಂದಿಸಿದರೂ ನನಗೆ ಒಪ್ಪಿಗೆ.

ನೀವು ಕೇಳಿದಂತೆ 30 ದಿನದಲ್ಲಿ ಸೇರಬೇಕಾದರೆ ಉಳಿದ 30 ದಿನದ ನೋಟಿಸ್ ಬೈಔಟ್ ಅನ್ನು ಕಂಪನಿ ಭರಿಸಬಹುದೇ ಎಂದೂ ತಿಳಿಸಿ. ಇವೆರಡು ಸರಿಹೋದರೆ ಅದೇ ದಿನ ಒಪ್ಪಿಗೆ ಕಳಿಸುತ್ತೇನೆ. ಫೋನ್‌ನಲ್ಲಿ ಮಾತಾಡುವುದು ಸುಲಭ ಎನಿಸಿದರೆ ನಾಳೆ ಸಂಜೆ ಐದರ ಮೇಲೆ ಸಿಗುತ್ತೇನೆ."

ಇದರಲ್ಲಿ ಸುಮಾ ಒಪ್ಪಲು ಕಷ್ಟಪಟ್ಟದ್ದು ಎರಡು ಜಾಗ. "ಇಷ್ಟು ಕೊಡದಿದ್ದರೆ ಸೇರಲು ಕಷ್ಟ" ಎಂದು ಒಂದು ಸಾಲು ಇರಲಿ ಎಂದರು. 86,000 ಕೊಟ್ಟರೂ ಸೇರುವವರು ನೀವೇ ಅಲ್ವಾ, ನಿಜವಲ್ಲದ್ದನ್ನು ಯಾಕೆ ಬರೆಯಬೇಕು ಎಂದೆ. ಇನ್ನೊಂದು, ಹುದ್ದೆಯ ಹೆಸರನ್ನೂ ಸೀನಿಯರ್ ಮಾಡಿ ಎಂದು ಸೇರಿಸುವ ಆಸೆ. ನನಗೂ ಆ ಆಸೆ ಇತ್ತು. ಆದರೆ ದರ್ಜೆ ಬದಲಾದರೆ ಇಡೀ ಒಪ್ಪಿಗೆ ಮತ್ತೆ ಮೊದಲಿನಿಂದ ಸುತ್ತಬೇಕಾಗಬಹುದು. ಅದನ್ನು ಫೋನ್‌ನಲ್ಲಿ ಮಾತು ಬಂದರೆ ಕೇಳಿ ಎಂದು ಬಿಟ್ಟೆವು.

ಬುಧವಾರ ಬೆಳಗ್ಗೆ ಹತ್ತಕ್ಕೆ ಮೇಲ್ ಹೋಯಿತು. ಗುರುವಾರ ಮಧ್ಯಾಹ್ನ ಎಚ್‌ಆರ್‌ನಿಂದ ಫೋನ್: ಒಪ್ಪಿಗೆಗೆ ಕಳಿಸಿದ್ದೇವೆ, ಗಡುವು ಸೋಮವಾರದವರೆಗೆ. ಆ ನಾಲ್ಕು ದಿನ ಸುಮಾ ನನಗೆ ಮೂರು ಸಲ ಫೋನ್ ಮಾಡಿದರು. ಮತ್ತೊಂದು ಮೇಲ್ ಹಾಕಲಾ ಎಂದು ಕೇಳಿದಾಗಲೆಲ್ಲ ಬೇಡ ಎಂದೆ.

ಸೋಮವಾರ ಹೊಸ ಪಟ್ಟಿ ಬಂತು. ಫಿಕ್ಸೆಡ್ ತಿಂಗಳಿಗೆ 87,000. ವೇರಿಯಬಲ್ ಅರ್ಧಕ್ಕೆ, 60,000ಕ್ಕೆ ಇಳಿದಿತ್ತು. ಒಟ್ಟು ಸಿಟಿಸಿ 12,05,043. ಕಂಪನಿಯ ಲೆಕ್ಕದಲ್ಲಿ ಜಾಸ್ತಿಯಾದದ್ದು ವರ್ಷಕ್ಕೆ ಐದು ಸಾವಿರ, ಸುಮಾ ಅವರ ಲೆಕ್ಕದಲ್ಲಿ ತಿಂಗಳಿಗೆ ಐದು ಸಾವಿರ. ಬೈಔಟ್ ಹಣವನ್ನು ಮೊದಲ ಸಂಬಳದ ಜೊತೆ ಕೊಡುತ್ತೇವೆ ಎಂದಿದ್ದರು. 12 ತಿಂಗಳೊಳಗೆ ಬಿಟ್ಟರೆ ಅದನ್ನು ವಾಪಸ್ ಕಟ್ಟಬೇಕು ಎಂಬ ಷರತ್ತು ಇತ್ತು. ಆ ಸಾಲನ್ನು ಅವರಿಂದ ಎರಡು ಸಲ ಓದಿಸಿದೆ, ಯಾಕೆಂದರೆ ಎಂಟನೇ ತಿಂಗಳಲ್ಲಿ ಕೆಲಸ ಬಿಟ್ಟು ಈ ಹಣ ಕಟ್ಟಲು ಪರದಾಡಿದವರನ್ನು ನೋಡಿದ್ದೇನೆ.

87,000 ಚೀಟಿಯಲ್ಲಿದ್ದ ಸಂಖ್ಯೆಗಿಂತ ಮೇಲಿತ್ತು. ಮತ್ತೆ ಕೇಳಲಿಲ್ಲ. ಹೇಳಿದ ಮಾತಿನಂತೆ ಅದೇ ಸಂಜೆ ಒಪ್ಪಿಗೆ ಕಳಿಸಿದರು. ಸಹಿಯಾದ ಲೆಟರ್ ಕೈಗೆ ಬಂದ ಮೇಲೆ ಮಾರನೇ ದಿನ ರಾಜೀನಾಮೆ.

ಹುದ್ದೆಯ ಹೆಸರು ಹಾಗೇ ಉಳಿಯಿತು. ಫೋನ್‌ನಲ್ಲಿ ಕೇಳಿದಾಗ ಆರು ತಿಂಗಳಿಗೆ ನೋಡೋಣ ಎಂದರಂತೆ, ಬರವಣಿಗೆಯಲ್ಲಿ ಏನೂ ಇಲ್ಲ. ಅದಕ್ಕೆ ಆ ದಿನ ಮಾತಾಡಿದ್ದನ್ನು ಸುಮಾ ಒಂದು ಚಿಕ್ಕ ಮೇಲ್‌ನಲ್ಲಿ ಬರೆದು, ಧನ್ಯವಾದದ ಜೊತೆ ಎಚ್‌ಆರ್‌ಗೆ ಕಳಿಸಿಟ್ಟಿದ್ದಾರೆ. ಆರನೇ ತಿಂಗಳಿಗೆ ಇನ್ನು ಏಳು ವಾರ ಇದೆ. ಕಟ್ಟಿದ ಪರೀಕ್ಷೆಗಳ ಲೆಕ್ಕ ಹಿಡಿದು ಅದಕ್ಕೆ ಮುಂಚೆ ಒಂದು ಸಲ ಬರ್ತೀನಿ ಎಂದಿದ್ದಾರೆ.