ಸಂದರ್ಶನದ ಕಚ್ಚಾ ಬರಹ: ಜ್ವರ ಬಂದದ್ದು ಯಾರಿಗೆ?

ಮೇಡಂ, ರೇಷ್ಮೆ ಸಾಕುತ್ತಿದ್ದ ಒಬ್ಬ ಅಜ್ಜಿಯ ಸಂದರ್ಶನ ಮಾಡಿದ್ದೇನೆ. 52 ನಿಮಿಷ ಇದೆ. ಟೈಪ್ ಮಾಡಿಸಿದೆ, ಎಲ್ಲಾ ಒಂದೇ ಪ್ಯಾರಾ ಆಗಿ ಬಂದಿದೆ. ಯಾರು ಮಾತಾಡಿದ್ದು, ಯಾವ ಸಮಯ, ಯಾವ ವಿಷಯ ಅಂತ ವಿಂಗಡಿಸಿ ವಿಭಾಗಕ್ಕೆ ಕೊಡಬೇಕು. ನಾನೇ ವಿಂಗಡಿಸಿ ಆಡಿಯೊ ಜೊತೆ ಕಳಿಸಿದ್ದೇನೆ. ಸರಿ ಇದೆಯಾ? — ಎಂ.ಎ. ವಿದ್ಯಾರ್ಥಿನಿ, ರಾಮನಗರ

ಸರಿ ಇಲ್ಲಮ್ಮ. ಎರಡನೇ ಪುಟದಲ್ಲಿ ‘ಕುಟುಂಬದ ಆರೋಗ್ಯ’ ಅಂತ ತಲೆಬರಹ ಹಾಕಿದ್ದೀರಿ. ಅದರ ಕೆಳಗೆ ಅಜ್ಜಿ ‘ನಾಲ್ಕನೇ ಜ್ವರ’ದ ಮಾತಾಡುತ್ತಿದ್ದಾರೆ. ಆ ಜ್ವರ ಮನೆಯವರಿಗೆ ಬಂದದ್ದಲ್ಲ, ಹುಳಕ್ಕೆ ಬಂದದ್ದು. ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಬಿಟ್ಟು ಸುಮ್ಮನೆ ಕೂರುತ್ತದೆ. ಅದನ್ನೇ ಸಾಕುವವರು ಜ್ವರ ಅನ್ನುತ್ತಾರೆ. ರಾಮನಗರದಲ್ಲೇ ಇದ್ದೀರಿ, ಪಕ್ಕದ ಮನೆಯಲ್ಲಿ ಕೇಳಿದ್ದರೂ ಹೇಳುತ್ತಿದ್ದರು. ಇನ್ನೊಂದು ಕಡೆ ‘ಚಂದ್ರಿಕೆಗೆ ಬಿಟ್ವಿ’ ಅನ್ನುವುದನ್ನು ನಿಮ್ಮ ಟೈಪಿಸ್ಟ್ ‘ಚಂದ್ರಿಕಾಗೆ ಬಿಟ್ವಿ’ ಅಂತ ತಿದ್ದಿದ್ದಾರೆ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಈಗ ಒಬ್ಬ ಹೆಂಗಸಾಗಿದೆ. ನೀವು ಆಕೆಯನ್ನು ‘ಸಂಬಂಧಿಕರು’ ಪಟ್ಟಿಗೂ ಸೇರಿಸಿದ್ದೀರಿ.

ಇಂಥ ಪುಟಗಳು ತಿಂಗಳಿಗೆ ನಾಲ್ಕಾದರೂ ಬರುತ್ತವೆ. ಎಲ್ಲರ ತಪ್ಪೂ ಒಂದೇ. ತಲೆಬರಹದಿಂದ ಶುರು ಮಾಡುತ್ತಾರೆ. ತಲೆಬರಹ ಕೊನೆಯ ಕೆಲಸ. ಮೊದಲು ಮಾತು ಯಾರದು ಅಂತ ಗೊತ್ತಾಗಬೇಕು, ಆಮೇಲೆ ಸಮಯ, ಆಮೇಲೆ ಮಾತಿನ ಕಸ ಗುಡಿಸುವುದು, ಎಲ್ಲಾ ಆದಮೇಲೆ ವಿಷಯ. ಪ್ರತಿ ಸುತ್ತಿಗೂ ಆಡಿಯೊ ಓಡುತ್ತಲೇ ಇರಬೇಕು. ಬರಹ ಮಾತ್ರ ನೋಡಿಕೊಂಡು ಮಾಡಿದ್ದು ಊಹೆ. ಮೂಲ ಕಡತವನ್ನು ಮುಟ್ಟದೆ ಪಕ್ಕಕ್ಕಿಡಿ ಅಂತ ಬೇರೆ ಹೇಳಬೇಕಿಲ್ಲ ಅಂದುಕೊಳ್ಳುತ್ತೇನೆ.

ನಿಮ್ಮ ಕಚ್ಚಾ ಬರಹದ ಒಂದು ತುಂಡು ಹೀಗಿದೆ:

```
ಆಮೇಲೆ ನಾಲ್ಕನೇ ಜ್ವರ ಎದ್ಮೇಲೆ ಹೂಂ ಸೊಪ್ಪು
ಜಾಸ್ತಿ ಬೇಕು ಎಷ್ಟು ಸಲ ಹಾಕ್ತಿದ್ರಿ 45 ಸಲ
ರಾತ್ರಿ ಎಲ್ಲಾ ಅಮ್ಮ ನಿದ್ದೆ ಮಾಡ್ತಿರ್ಲಿಲ್ಲ
ನಾನು ಸೊಪ್ಪಿಗೆ ಹೋಗಲ್ಲ ಅಂದ್ಬಿಟ್ರು
ನಮ್ಮನೆಯವ್ರು ಒಂದಿನ ಹೂಂ
```

ಇಲ್ಲಿ ಮೂರು ದನಿ ಇವೆ. ನೀವು ಎರಡು ಅಂದುಕೊಂಡಿದ್ದೀರಿ, ಪ್ರಶ್ನೆ ಮತ್ತು ಉತ್ತರ ಅಂತ. ‘ರಾತ್ರಿ ಎಲ್ಲಾ ಅಮ್ಮ ನಿದ್ದೆ ಮಾಡ್ತಿರ್ಲಿಲ್ಲ’ ಅಂದದ್ದು ಬಾಗಿಲ ಹತ್ತಿರ ಕೂತಿದ್ದ ಮಗ. ಆಡಿಯೊದಲ್ಲಿ ದನಿ ದೂರದಿಂದ ಬರುತ್ತದೆ. ‘ಅಮ್ಮ’ ಅನ್ನುವ ಪದವೇ ಸುಳಿವು ಕೊಡುತ್ತಿತ್ತು. ಹಾಗೆಯೇ ‘ಹಾಕ್ತಿದ್ರಿ’ ಅಂತ ಬಹುವಚನ ಹಾಕಿ ಕೇಳಿದ್ದು ನೀವು, ಮಗ ಆಗಿದ್ದರೆ ‘ಹಾಕ್ತಿದ್ದೆ’ ಅನ್ನುತ್ತಿದ್ದ. ಕನ್ನಡದಲ್ಲಿ ಕರೆಯುವ ರೀತಿಯಿಂದಲೇ ಅರ್ಧ ಕೆಲಸ ಆಗುತ್ತದೆ. ಉಳಿದರ್ಧಕ್ಕೆ ಕಿವಿ ಬೇಕು.

ಕಷ್ಟ ಇರುವುದು ಮುಂದಿನ ಸಾಲಿನಲ್ಲಿ. ‘ನಾನು ಸೊಪ್ಪಿಗೆ ಹೋಗಲ್ಲ’ ಅನ್ನುವುದನ್ನು ಮಗನ ಹೆಸರಿಗೆ ಹಾಕಬೇಕು ಅನ್ನಿಸಬಹುದು. ಮಾತಾಡಿದ್ದು ಅಜ್ಜಿಯೇ, ಆದರೆ ಆ ‘ನಾನು’ ಅವರ ಗಂಡ. ನಾವು ಇನ್ನೊಬ್ಬರ ಮಾತು ಹೇಳುವಾಗ ಅವರ ‘ನಾನು’ವನ್ನು ಹಾಗೇ ಇಟ್ಟು ಕೊನೆಗೆ ‘ಅಂದ್ರು’ ಸೇರಿಸುತ್ತೇವೆ, ಅಲ್ವಾ? ಟೈಪ್ ಮಾಡುವವರು ಉದ್ಧರಣ ಚಿಹ್ನೆ ಹಾಕುವುದಿಲ್ಲ. ಹಾಗಾಗಿ ‘ಅಂದ’, ‘ಅಂದ್ರು’, ‘ಅಂತ’, ‘ಅಂದ್ಬಿಟ್ಳು’ ಕಂಡ ಕಡೆಯೆಲ್ಲಾ ನಿಲ್ಲಿ. ಹಿಂದಿನ ‘ನಾನು’ ಯಾರದು ಅಂತ ಕೇಳಿಕೊಳ್ಳಿ. ನಾನು ಕಂಡ ತಪ್ಪು ಹೆಸರುಗಳಲ್ಲಿ ಜಾಸ್ತಿ ಆಗಿರುವುದು ಈ ಜಾಗದಲ್ಲೇ.

‘45 ಸಲ’ ಇನ್ನೊಂದು. ಅಜ್ಜಿ ಹೇಳಿದ್ದು ‘ನಾಲ್ಕೈದು ಸಲ’. ಟೈಪಿಸ್ಟರಿಗೆ ಅಂಕಿ ಹಾಕುವ ಹುರುಪು. ಇದೇ ಹುರುಪಿನಲ್ಲಿ ‘ಹದಿನೈದಿಪ್ಪತ್ತು’ 1520 ಆಗಿದ್ದನ್ನೂ ನೋಡಿದ್ದೇನೆ. ಮಾತಿನಲ್ಲಿ ಬಂದ ಲೆಕ್ಕವನ್ನು ಅಕ್ಷರದಲ್ಲೇ ಬಿಡಿ.

ಇನ್ನು ಆ ಎರಡು ‘ಹೂಂ’. ಎರಡೂ ನಿಮ್ಮವು, ಕೇಳುತ್ತಿದ್ದೇನೆ ಅಂತ ಹಾಕಿದ್ದು. ತೆಗೆಯಬಹುದು, ಇಲ್ಲದಿದ್ದರೆ ಅಜ್ಜಿಯ ವಾಕ್ಯ ಸುಮ್ನೆ ಎರಡು ತುಂಡಾಗುತ್ತದೆ. ಆದರೆ ಎಲ್ಲಾ ‘ಹೂಂ’ಗಳನ್ನು ಒಂದೇ ಏಟಿಗೆ ಅಳಿಸಲು ಹೋಗಬೇಡಿ. ‘ಸಾಲ ತೀರಿತಾ?’ ಅಂತ ಕೇಳಿದಾಗ ಅಜ್ಜಿ ಅಂದ ‘ಹೂಂ’ ಉತ್ತರ. ‘ಉಹೂಂ’ ಅಂತೂ ಅದರ ಉಲ್ಟಾ. ಕಣ್ಣು ಮುಚ್ಚಿ ‘ಹೂಂ’ ಹುಡುಕಿ ಅಳಿಸಿದರೆ ‘ಉಹೂಂ’ನಲ್ಲಿ ಬರೀ ‘ಉ’ ಉಳಿಯುತ್ತದೆ. ಒಬ್ಬ ಹುಡುಗ ಹಾಗೆ ಮಾಡಿ, ಆ ‘ಉ’ ಅಂದರೆ ‘ಉತ್ತರ’ ಅಂತ ನನ್ನ ಹತ್ತಿರ ವಾದ ಮಾಡಿದ್ದ.

ಅದೇ ತುಂಡು ಹೀಗಾಗಬೇಕು:

```
[00:14:05] ಅಜ್ಜಿ: ಆಮೇಲೆ ನಾಲ್ಕನೇ ಜ್ವರ ಎದ್ಮೇಲೆ
ಸೊಪ್ಪು ಜಾಸ್ತಿ ಬೇಕು.
[00:14:09] ಸಂ: ಎಷ್ಟು ಸಲ ಹಾಕ್ತಿದ್ರಿ?
[00:14:11] ಅಜ್ಜಿ: ನಾಲ್ಕೈದು ಸಲ.
[00:14:13] ಮಗ: ರಾತ್ರಿ ಎಲ್ಲಾ ಅಮ್ಮ ನಿದ್ದೆ ಮಾಡ್ತಿರ್ಲಿಲ್ಲ.
[00:14:17] ಅಜ್ಜಿ: ‘ನಾನು ಸೊಪ್ಪಿಗೆ ಹೋಗಲ್ಲ’
ಅಂದ್ಬಿಟ್ರು ನಮ್ಮನೆಯವ್ರು ಒಂದಿನ.
```

‘ಸಂದರ್ಶಕಿ’ ಬದಲು ‘ಸಂ’ ಅಂತ ಯಾಕೆ ಹಾಕಿದೆ ಅಂದರೆ, ಅರ್ಕಾವೊತ್ತಿರುವ ಪದವನ್ನು ಒಬ್ಬೊಬ್ಬರು ಒಂದೊಂದು ಥರ ಟೈಪ್ ಮಾಡುತ್ತಾರೆ. ನೋಡಲು ಹೆಚ್ಚುಕಮ್ಮಿ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕಿದರೆ ಅರ್ಧ ಸಿಗುವುದಿಲ್ಲ. ದನಿ ಯಾರದೆಂದು ಗೊತ್ತಾಗದಿದ್ದರೆ ‘ಗೊತ್ತಿಲ್ಲ:’ ಅಂತ ಹಾಕಿ, ಮಾತು ಕೇಳಿಸದಿದ್ದರೆ ಸಮಯದ ಜೊತೆ ‘ಕೇಳಿಸುತ್ತಿಲ್ಲ’ ಅಂತ ಬರೆಯಿರಿ. ಊಹೆಯಿಂದ ತುಂಬಿಸುವವರ ಮೇಲೆ ನನಗೆ ನಂಬಿಕೆ ಇಲ್ಲ.

ಸಮಯದಲ್ಲಿ ನಿಮ್ಮ ತಪ್ಪು ಬೇರೆ ಥರದ್ದು. ರೆಕಾರ್ಡರ್ ಎರಡು ಕಡತ ಮಾಡಿದೆ. ಮೊದಲನೆಯದು 31:48ಕ್ಕೆ ಮುಗಿದಿದೆ. ಎರಡನೆಯದು ಮತ್ತೆ ಸೊನ್ನೆಯಿಂದ ಶುರು. ನೀವು ಎರಡಕ್ಕೂ ಅದರದರ ಸಮಯವನ್ನೇ ಹಾಕಿದ್ದೀರಿ. ಹಾಗಾಗಿ ನಿಮ್ಮ ಬರಹದಲ್ಲಿ 07:20 ಎರಡು ಸಲ ಬರುತ್ತದೆ. ಎರಡನೆಯದಕ್ಕೆ 31:48 ಕೂಡಿಸಿ, 39:08 ಆಗಬೇಕು. ಇಲ್ಲವೇ ಎರಡು ಆಡಿಯೊ ಜೋಡಿಸಿ ಒಂದು ಮಾಡಿಕೊಂಡು ಆಮೇಲೆ ಸಮಯ ಹಾಕಿ. ನನಗೆ ಎರಡನೇ ದಾರಿ ಇಷ್ಟ.

ಹಾಕಿದ ಮೇಲೆ ಮೂರು ಕಡೆ ಪರೀಕ್ಷೆ ಮಾಡಿ: ಶುರುವಿನಲ್ಲಿ, ನಡುವೆ, ಕೊನೆಯಲ್ಲಿ. ಮೂರೂ ಕಡೆ ಒಂದೇ ಅಂತರದಲ್ಲಿ ತಪ್ಪಿದ್ದರೆ ಯಾರೋ ಆಡಿಯೊದ ತಲೆ ಕತ್ತರಿಸಿದ್ದಾರೆ ಅಂತ ಲೆಕ್ಕ. ಕಾಫಿ ಕುಡಿದ ಎರಡು ನಿಮಿಷ ಬೇಡ ಅಂತ ತೆಗೆದಿರುತ್ತಾರೆ. ಅಷ್ಟನ್ನು ಕೂಡಿಸಿದರೆ ಇಲ್ಲವೇ ಕಳೆದರೆ ಮುಗಿಯಿತು. ಮುಂದೆ ಹೋದಂತೆ ತಪ್ಪು ಬೆಳೆಯುತ್ತಿದ್ದರೆ ಎಂಪಿ3 ಕಡತದ ಮೇಲೆ ಅನುಮಾನ ಪಡಿ. ಬಿಟ್‌ರೇಟ್ ಏರಿಳಿಯುವ ಕೆಲವು ಎಂಪಿ3ಗಳಲ್ಲಿ ಪ್ಲೇಯರ್ ತೋರಿಸುವ ಸಮಯವನ್ನು ನಂಬಲಾಗುವುದಿಲ್ಲ. ವೇವ್‌ಗೆ ಬದಲಿಸಿಕೊಂಡು ಮತ್ತೆ ನೋಡಿ. ಸಮಯ ಬಿಟ್ಟುಹೋದ ಸಾಲು ಹುಡುಕಲು Notepad++ನಲ್ಲಿ Regular expression ಆಯ್ಕೆ ಮಾಡಿ ಇದನ್ನು ಹಾಕಿ. ಒಬ್ಬರ ಒಂದು ಮಾತು ಒಂದೇ ಸಾಲಿನಲ್ಲಿರಬೇಕು, ನಡುವೆ ಎಂಟರ್ ಹೊಡೆದಿರಬಾರದು. ಮೇಲೆ ನಾನು ಮುರಿದು ಬರೆದದ್ದು ಜಾಗ ಸಾಲದೆ.

```
^(?!\[\d\d:\d\d:\d\d\] ).+
```

ಈಗ ತಲೆಬರಹ. ನಿಮ್ಮ ಪ್ರಶ್ನಾವಳಿಯ ಎಂಟು ಪ್ರಶ್ನೆಗಳನ್ನೇ ಎಂಟು ವಿಭಾಗ ಮಾಡಿದ್ದೀರಿ. ಅಜ್ಜಿ ನಿಮ್ಮ ಪ್ರಶ್ನಾವಳಿ ಓದಿಲ್ಲ. ಅವರು ‘ಅದಿರ್ಲಿ, ಆ ವರ್ಷ ಏನಾಯ್ತು ಅಂದ್ರೆ’ ಅಂದ ಕಡೆ ವಿಷಯ ತಿರುಗುತ್ತದೆ. ತಲೆಬರಹ ಅಲ್ಲಿ ಬರಬೇಕು, ಪ್ರಶ್ನೆಯ ಮಧ್ಯವೇ ಆದರೂ ಸರಿ. ಸಾಧ್ಯವಾದಷ್ಟು ಅವರದೇ ಪದ ಬಳಸಿ. ನಿಮ್ಮ ‘ಕುಟುಂಬದ ಆರೋಗ್ಯ’ ನನ್ನ ಕೈಯಲ್ಲಿ ‘ನಾಲ್ಕನೇ ಜ್ವರದ ಮೇಲೆ: ಸೊಪ್ಪು, ನಿದ್ದೆ’ ಆಗುತ್ತದೆ. ಗೊತ್ತಿಲ್ಲದವರಿಗೆ ಜ್ವರ ಅಂದರೇನು ಅಂತ ಅಡಿಟಿಪ್ಪಣಿ ಹಾಕಿ, ಮಾತಿನ ಒಳಗೆ ತುರುಕಬೇಡಿ.

ಎರಡು ಕಡೆ ಬಂದ ವಿಷಯವನ್ನು ಒಂದು ಕಡೆ ಸೇರಿಸಿದ್ದಕ್ಕೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂತು. ಗೂಡಿನ ವ್ಯಾಪಾರಿಯ ಸಾಲದ ಮಾತು 00:18:30ರಲ್ಲಿ ಬರುತ್ತದೆ, ಮತ್ತೆ 00:41:23ರಲ್ಲಿ ಬರುತ್ತದೆ. ನೀವು ಎರಡನ್ನೂ ಎತ್ತಿ ‘ಸಾಲ’ ಅಂತ ಒಂದೇ ವಿಭಾಗ ಮಾಡಿ, ಮೊದಲ ಸಲ ಹೇಳಿದ ‘ಮುನ್ನೂರು’ ಮತ್ತು ಎರಡನೇ ಸಲ ಹೇಳಿದ ‘ಐನೂರು’ ಇವುಗಳಲ್ಲಿ ಒಂದನ್ನು ತಪ್ಪು ಅಂತ ತೆಗೆದಿದ್ದೀರಿ. ಆಡಿಯೊ ಕೇಳಿ. 40ನೇ ನಿಮಿಷದ ಸುಮಾರಿಗೆ ಮಗ ಎದ್ದು ಹೊರಗೆ ಹೋಗುತ್ತಾನೆ, ಬಾಗಿಲ ಸದ್ದು ಇದೆ. ಐನೂರು ಅಂದದ್ದು ಅವನು ಹೋದ ಮೇಲೆ. ಯಾವುದು ನಿಜ ಅಂತ ನನಗೂ ಗೊತ್ತಿಲ್ಲ. ಆದರೆ ಎರಡೂ ತಮ್ಮ ಜಾಗದಲ್ಲೇ ಇದ್ದರೆ ಮುಂದೆ ಓದುವವರಿಗೆ ಅನುಮಾನ ಪಡಲು ಅವಕಾಶ ಇರುತ್ತದೆ. ಮಾತಿನ ಕ್ರಮ ಕದಲಿಸಬೇಡಿ. ಮೊದಲ ಕಡೆ ‘00:41:23 ಕೂಡ ನೋಡಿ’ ಅಂತ ಒಂದು ಸಾಲು, ಎರಡನೇ ಕಡೆ ‘00:18:30 ನೋಡಿ’ ಅಂತ ಒಂದು ಸಾಲು, ಅಷ್ಟೆ. ‘[ಮಗ ಹೊರಗೆ ಹೋದರು]’ ಅಂತಲೂ ಬರೆಯಿರಿ. ಪತ್ರಿಕೆಗೆ ಲೇಖನ ಮಾಡುವಾಗ ಬೇಕಾದ ಹಾಗೆ ಜೋಡಿಸಿಕೊಳ್ಳಿ, ಅದು ಬೇರೆ ಕಡತ.

ಇನ್ನು ನೀವು ಕೇಳಿದ ಉಳಿದವು, ಒಂದೊಂದಾಗಿ.

ಅಜ್ಜಿಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಕಾ? ನಮ್ಮ ಗೈಡ್ ಹಾಗೇ ಹೇಳ್ತಾರೆ.

ಬೇಡ. ‘ಎದ್ಮೇಲೆ’ಯನ್ನು ‘ಎದ್ದ ನಂತರ’ ಮಾಡಿದರೆ ಅದು ಅಜ್ಜಿಯ ಮಾತಲ್ಲ, ಗೈಡ್ ಮಾತು.

ನುಡಿಯಲ್ಲಿ ಟೈಪ್ ಮಾಡಿಸಿದ್ದು. ಪದ ಹುಡುಕಿದರೆ ಏನೂ ಸಿಗುತ್ತಿಲ್ಲ.

ಹಳೆಯ ನುಡಿ ಫಾಂಟಿನ ಕಡತ ಇರಬೇಕು. ಮೊದಲು ಯೂನಿಕೋಡ್‌ಗೆ ಬದಲಿಸಿ. ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡದೆ ಮುಂದೆ ಹೋಗಬೇಡಿ.

ಒಂದೇ ದಿನದಲ್ಲಿ ಎಲ್ಲಾ ಕ್ಲೀನ್ ಮಾಡಿ ಕೊಡುತ್ತೇವೆ ಅನ್ನುವ ಡಿಟಿಪಿ ಅಂಗಡಿ ಇದೆ. ಕೊಡಬಹುದಾ?

ಟೈಪಿಂಗ್ ಕೊಡಿ. ಹೆಸರು, ಸಮಯ, ತಲೆಬರಹ ಕೊಡಬೇಡಿ. ಒಂದು ಗಂಟೆಯ ಆಡಿಯೊಗೆ ನನಗೇ ಐದು ಗಂಟೆ ಹಿಡಿಯುತ್ತದೆ. ಅಂಗಡಿಯವರು ಬರೀ ಪ್ಯಾರಾ ಒಡೆದು, ಸಾಲು ಬಿಟ್ಟು ಸಾಲಿಗೆ ಪ್ರಶ್ನೆ, ಉತ್ತರ ಅಂತ ಹಾಕಿ ಕೊಡುತ್ತಾರೆ.

ನಡುವೆ ಅಜ್ಜಿ ‘ಇದು ಬರ್ಕೋಬೇಡಿ’ ಅಂದರು. ಆದರೆ ಇಡೀ ಸಂದರ್ಶನದಲ್ಲಿ ಅದೇ ಒಳ್ಳೆ ಭಾಗ. ಹೆಸರು ಬಿಟ್ಟು ಆ ಭಾಗ ಹಾಕಲಾ?

ಹಾಕಬೇಡಿ. ಹಂಚುವ ಪ್ರತಿಯಲ್ಲಿ ಆ ಭಾಗದ ಶುರು ಮತ್ತು ಕೊನೆಯ ಸಮಯ ಮಾತ್ರ ಇರಲಿ, ನಡುವೆ ‘ಹೇಳಿದವರ ಕೋರಿಕೆಯಂತೆ ಬಿಟ್ಟಿದೆ’ ಅಂತ ಬರೆಯಿರಿ. ಹೆಸರು ತೆಗೆದರೆ ಸಾಕು ಅನ್ನುವುದು ಪಟ್ಟಣದವರ ಲೆಕ್ಕ. ಊರಿನಲ್ಲಿ ಯಾವ ಮನೆ, ಯಾವ ವರ್ಷ, ಎಷ್ಟು ಸಾಲ ಅಂತ ಓದಿದ ತಕ್ಷಣ ಎಲ್ಲರಿಗೂ ಗೊತ್ತಾಗುತ್ತದೆ. ಅಷ್ಟು ಬೇಕೇ ಬೇಕು ಅನ್ನಿಸಿದರೆ ಬಸ್ ಹತ್ತಿ ಹೋಗಿ, ಆ ಪುಟ ಅವರಿಗೆ ಓದಿ ಹೇಳಿ, ಕೇಳಿ. ಫೋನ್‌ನಲ್ಲಿ ಕೇಳಬೇಡಿ, ಪಕ್ಕದಲ್ಲಿ ಯಾರಿರುತ್ತಾರೋ ನಿಮಗೆ ಕಾಣಿಸುವುದಿಲ್ಲ.