ಕಮ್ಯುಟೇಶನ್ ಸಾಲ ಅಲ್ಲ ಸ್ವಾಮಿ

ಪ್ರಶ್ನೆ: 2019ರ ಆಗಸ್ಟ್‌ನಲ್ಲಿ 60 ತುಂಬಿ ಕೇಂದ್ರ ಸರ್ಕಾರಿ ನೌಕರಿಯಿಂದ ನಿವೃತ್ತನಾದೆ. ಬೇಸಿಕ್ ಪಿಂಚಣಿ 45,000. 2025ರ ಡಿಸೆಂಬರ್ ಸ್ಲಿಪ್‌ನಲ್ಲಿ ಡಿಆರ್ 26,100, ಕಮ್ಯುಟೇಶನ್ ರಿಕವರಿ 18,000, ತೆರಿಗೆ 2,378, ಕೈಗೆ 50,722 ಅಂತಿದೆ. ಆಗ ಕೊಟ್ಟಿದ್ದು 17,69,904 ರೂಪಾಯಿ. ತಿಂಗಳಿಗೆ 18,000ದಂತೆ ಎಂಟು ವರ್ಷಕ್ಕೆ ತೀರಬೇಕು ಅಲ್ವಾ? ಡಿಆರ್ ಲೆಕ್ಕ ಸರಿಯಾ? ತೆರಿಗೆ ಯಾಕೆ?

ಉತ್ತರ: ಈ ಸಾಲದ ಲೆಕ್ಕವನ್ನು ತಿಂಗಳಿಗೆ ಹತ್ತು ಜನ ಕಳಿಸುತ್ತಾರೆ. ತಪ್ಪು ನಿಮ್ಮದಲ್ಲ, ಸ್ಲಿಪ್‌ನಲ್ಲಿ 'ರಿಕವರಿ' ಅಂತ ಅಚ್ಚು ಹಾಕಿದವರದು. ಯಾರೂ ನಿಮಗೆ ಸಾಲ ಕೊಟ್ಟಿಲ್ಲ. ನಿಮ್ಮ ಪಿಂಚಣಿಯ ಶೇ 40 ಭಾಗವನ್ನು ನೀವು 15 ವರ್ಷಕ್ಕೆ ಬಿಟ್ಟುಕೊಟ್ಟಿದ್ದೀರಿ, ಅದಕ್ಕೆ ಸರ್ಕಾರ ಒಂದೇ ಸಲ ಬೆಲೆ ಕಟ್ಟಿ ಕೊಟ್ಟಿದೆ. 60ಕ್ಕೆ ನಿವೃತ್ತರಾದವರಿಗೆ ಕೋಷ್ಟಕದಲ್ಲಿರುವ ಅಂಕಿ 8.194. 18,000ವನ್ನು 12ರಿಂದ, ಆಮೇಲೆ 8.194ರಿಂದ ಗುಣಿಸಿ, ನಿಮ್ಮ 17,69,904 ಬರುತ್ತದೆ. ನೀವು ಎಂಟು ವರ್ಷ ಅಂದದ್ದೂ ಈ ಅಂಕಿಯಿಂದಲೇ. ಆದರೆ ಅದು ಬೆಲೆ ಕಟ್ಟುವ ಅಳತೆ, ಕಂತಿನ ಅವಧಿ ಅಲ್ಲ. ಕಡಿತ ಶುರುವಾದ ದಿನದಿಂದ 15 ವರ್ಷ ತುಂಬಿದ ಮೇಲೆ ಪೂರ್ತಿ ಪಿಂಚಣಿ ಮರಳುತ್ತದೆ. ನಿವೃತ್ತಿಯ ಮರುದಿನವೇ ಶುರುವಾಗಿದ್ದರೆ ನಿಮಗದು 2034ರ ಸೆಪ್ಟೆಂಬರ್. ಗಂಟು ತಡವಾಗಿ ಬಂದು ಕಡಿತವೂ ತಡವಾಗಿದ್ದರೆ ಅಷ್ಟು ಮುಂದಕ್ಕೆ ಹೋಗುತ್ತದೆ. ಆ ತಾರೀಖನ್ನು ನಿಮ್ಮ ಪಿಂಚಣಿ ಆದೇಶ ಪತ್ರ ಪಿಪಿಒದಲ್ಲಿ ನೋಡಿ ಕ್ಯಾಲೆಂಡರ್ ಹಿಂದೆ ಬರೆದಿಡಿ. ಬ್ಯಾಂಕ್ ತಾನಾಗಿಯೇ ಸರಿಮಾಡಬೇಕು. ಮಾಡದಿದ್ದರೆ ಮರುತಿಂಗಳೇ ಲಿಖಿತವಾಗಿ ಕೇಳಿ.

ಈಗ ಡಿಆರ್, ಅಂದರೆ ತುಟ್ಟಿ ಪರಿಹಾರ. ಅದನ್ನು ಯಾವತ್ತೂ ಕಡಿತವಾಗುವ ಮುಂಚಿನ ಪೂರ್ತಿ ಬೇಸಿಕ್ ಮೇಲೆ ಲೆಕ್ಕ ಹಾಕಬೇಕು. ನಿಮ್ಮ ಡಿಸೆಂಬರ್ ಸ್ಲಿಪ್‌ಗೆ ಅನ್ವಯಿಸುವುದು 2025ರ ಜುಲೈಯಿಂದ ಜಾರಿಯಾದ ಕೇಂದ್ರದ ದರ, ಶೇ 58. 45,000ಕ್ಕೆ 26,100. ನಿಮ್ಮದು ಸರಿಯಾಗಿದೆ. ಬಿಟ್ಟುಕೊಟ್ಟ 18,000ದ ಮೇಲೂ 10,440 ರೂಪಾಯಿ ಡಿಆರ್ ನಿಮಗೆ ಬರುತ್ತಿದೆ, ಗಮನಿಸಿ.

ಎಲ್ಲ ಸ್ಲಿಪ್ ನಿಮ್ಮದರಷ್ಟು ಬಿಡಿಸಿ ಬರೆದಿರುವುದಿಲ್ಲ. ಕೆಲವು ಬ್ಯಾಂಕ್‌ಗಳು ಕಳೆದ ಮೇಲಿನ 27,000ವನ್ನೇ ಮೊದಲ ಸಾಲಿನಲ್ಲಿ ಹಾಕಿಬಿಡುತ್ತವೆ. ಹಿಂದೊಮ್ಮೆ ಒಬ್ಬ ಹಿರಿಯರು ಅಂಥದ್ದೊಂದು ಸ್ಲಿಪ್ ಹಿಡಿದು ನನ್ನ ಹತ್ತಿರ ಬಂದಿದ್ದರು. ನಾನು ಪೆನ್ಸಿಲ್ ತೆಗೆದು ಸ್ಲಿಪ್‌ನಲ್ಲಿದ್ದ ಡಿಆರ್ ಮೊತ್ತವನ್ನು ಅವರ ಪಿಪಿಒದಲ್ಲಿದ್ದ ಪೂರ್ತಿ ಬೇಸಿಕ್‌ನಿಂದ ಭಾಗಿಸಿದೆ. ಆಗಿನ ದರ ಬರಲಿಲ್ಲ. ಕಡಿಮೆಯಾದ ಪಿಂಚಣಿಯಿಂದ ಭಾಗಿಸಿದೆ, ಕರಾರುವಾಕ್ಕಾಗಿ ಬಂತು. ಶಾಖೆಯವರು ವರ್ಷಕ್ಕೂ ಜಾಸ್ತಿ ತಪ್ಪು ಅಂಕಿಯ ಮೇಲೆ ಡಿಆರ್ ಕೊಟ್ಟಿದ್ದರು. ಅದೇ ತಪ್ಪು ನಿಮಗಾಗಿದ್ದರೆ ತಿಂಗಳಿಗೆ 10,440 ಹೋಗುತ್ತಿತ್ತು. ಹಾಗಾಗಿ ಡಿಆರ್ ಏರಿದಾಗಲೆಲ್ಲ ಈ ಒಂದು ಭಾಗಾಕಾರ ಮಾಡಿ. ಕೈಗೆ ಬಂದ ಮೊತ್ತ ನೋಡಿ 'ಏನೋ ಏರಿದೆ' ಅಂತ ಸುಮ್ಮನಾಗಬೇಡಿ, ತಪ್ಪು ಲೆಕ್ಕದಲ್ಲೂ ಅದು ಏರುತ್ತದೆ.

ತೆರಿಗೆ 2,378 ನೋಡಿದ ಕೂಡಲೇ ಗೊತ್ತಾಯಿತು, ಬ್ಯಾಂಕಿನಲ್ಲಿ ನೀವು ಹಳೆಯ ಪದ್ಧತಿ ಆರಿಸಿದ್ದೀರಿ. ಕಡಿತದ ನಂತರದ 27,000, ಡಿಆರ್ 26,100 ಸೇರಿ ತಿಂಗಳಿಗೆ 53,100ರಂತೆ ವರ್ಷಕ್ಕೆ 6,37,200. ಬಿಟ್ಟುಕೊಟ್ಟ ಭಾಗ ನಿಮ್ಮ ಆದಾಯವೇ ಅಲ್ಲ, ಅದು ಲೆಕ್ಕಕ್ಕೆ ಬರುವುದಿಲ್ಲ. ಇದರಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಹಿರಿಯ ನಾಗರಿಕರ ದರ ಹಾಕಿದರೆ, ಸೆಸ್ ಸೇರಿ ವರ್ಷಕ್ಕೆ ಸುಮಾರು 28,538. 12ರಿಂದ ಭಾಗಿಸಿದರೆ ತಿಂಗಳಿಗೆ ಸರಿಯಾಗಿ ನಿಮ್ಮ 2,378. 2025-26ರ ಹೊಸ ಪದ್ಧತಿಯಲ್ಲಿ ಇಷ್ಟು ಆದಾಯಕ್ಕೆ ತೆರಿಗೆ ಸೊನ್ನೆ. ಹಳೆಯದರಲ್ಲಿ ತೋರಿಸಲು ನಿಮ್ಮ ಹತ್ತಿರ ದೊಡ್ಡ ಉಳಿತಾಯ, ವಿಮೆ ಏನೂ ಇಲ್ಲದಿದ್ದರೆ ಗಡುವಿನೊಳಗೆ ಹೊಸ ಪದ್ಧತಿಯಲ್ಲೇ ರಿಟರ್ನ್ ಹಾಕಿ, ಕಟ್ಟಾದದ್ದು ವಾಪಸ್ ಬರುತ್ತದೆ. ಠೇವಣಿಯ ಬಡ್ಡಿ ಇದ್ದರೆ ಅದನ್ನೂ ಸೇರಿಸಿ ಲೆಕ್ಕ ಹಾಕಿ. ಏಪ್ರಿಲ್‌ನಲ್ಲಿ ಬ್ಯಾಂಕಿಗೆ ಪದ್ಧತಿ ಬದಲಿಸಿ ಅಂತ ಬರೆದುಕೊಡಿ. ಕೌಂಟರ್‌ನಲ್ಲಿ ಬಾಯಲ್ಲಿ ಹೇಳಿ ಬಂದರೆ ಯಾರಿಗೂ ನೆನಪಿರುವುದಿಲ್ಲ.

ಪ್ರಶ್ನೆ: ಉಳಿದ ಹಣ ಒಟ್ಟಿಗೆ ಕಟ್ಟಿ ಕಡಿತ ನಿಲ್ಲಿಸಬಹುದಾ? ಒಬ್ಬರು 5,000 ಕೊಟ್ಟರೆ ಮಾಡಿಸಿಕೊಡುತ್ತೇನೆ ಅಂತಾರೆ.

ಉತ್ತರ: ಅಂಥ ದಾರಿಯೇ ಇಲ್ಲ. ಆ ಮನುಷ್ಯನಿಗೆ ಐದು ಪೈಸೆಯನ್ನೂ ಕೊಡಬೇಡಿ, ಒಟಿಪಿಯನ್ನಂತೂ ಹೇಳಲೇಬೇಡಿ.

ಪ್ರಶ್ನೆ: ನನಗೇನಾದರೂ ಆದರೆ ಮಿಕ್ಕ ಕಮ್ಯುಟೇಶನ್ ಹಣವನ್ನು ಹೆಂಡತಿಯ ಕುಟುಂಬ ಪಿಂಚಣಿಯಲ್ಲಿ ಹಿಡಿಯುತ್ತಾರಾ?

ಉತ್ತರ: ಇಲ್ಲ. ಒಂದು ರೂಪಾಯಿಯನ್ನೂ ಹಿಡಿಯುವ ಹಾಗಿಲ್ಲ.

ಪ್ರಶ್ನೆ: ನಾನು ರಾಜ್ಯ ಸರ್ಕಾರದ ನಿವೃತ್ತ. ನನಗೂ ಶೇ 40 ಲೆಕ್ಕವಾ?

ಉತ್ತರ: ಕರ್ನಾಟಕದಲ್ಲಿ ಮೂರನೇ ಒಂದು ಭಾಗ. ಡಿಆರ್ ದರವೂ ಬೇರೆ. ಕೇಂದ್ರದ ದರ ಹಾಕಿ ಖಜಾನೆಯವರ ಜೊತೆ ಜಗಳಕ್ಕೆ ಹೋಗಬೇಡಿ.